ಮೂಳೆಯ ಮೇಲಿನ ಕಪ್ಪು ಚುಕ್ಕೆಗಳು

ದುದ್ದದ ಕಡೆಯ ಎಪ್ಪತ್ತು ದಾಟಿದ ರೈತರೊಬ್ಬರು, ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು, ಬೋನ್ ಸ್ಕ್ಯಾನ್‌ಗೆ ಬಂದಿದ್ದಾರೆ ಎಂದುಕೊಳ್ಳಿ. ಟೆಕ್ನೀಷಿಯಂ ಬೆರೆಸಿದ ಎಂಡಿಪಿ ಇಂಜೆಕ್ಷನ್ ಕೊಟ್ಟು ಸುಮಾರು 3 ಗಂಟೆ ಬಿಟ್ಟು ಗಾಮಾ ಕ್ಯಾಮೆರಾದಡಿ ಮಲಗಿಸುತ್ತಾರೆ. ತೆರೆಯ ಮೇಲೆ ಮುಂದಿನಿಂದೊಂದು, ಹಿಂದಿನಿಂದೊಂದು ಅಸ್ಥಿಪಂಜರ ಮೂಡುತ್ತದೆ, ಅಲ್ಲಲ್ಲಿ ಕಪ್ಪು ಚುಕ್ಕೆಗಳೊಂದಿಗೆ.

ಕಪ್ಪು ಎಂದರೆ ಕ್ಯಾನ್ಸರ್ ಅಲ್ಲ. ಹೊಸ ಮೂಳೆ ಕಟ್ಟುತ್ತಿರುವ ಜಾಗದಲ್ಲೆಲ್ಲ ಎಂಡಿಪಿ ಅಂಟಿಕೊಳ್ಳುತ್ತದೆ. ಕಾರಣವನ್ನು ಅದು ಹೇಳುವುದಿಲ್ಲ. ಹಾಗಾಗಿ ಓದುವವರ ಕಣ್ಣು ಮೊದಲು ಹುಡುಕುವುದು ಆಕಾರ ಮತ್ತು ಜಾಗ.

ಎರಡೂ ಮಂಡಿಗಳು ಕೀಲಿನ ಅಂಚಿನಲ್ಲಿ ಕಪ್ಪಾಗಿವೆ: ಗದ್ದೆಯಲ್ಲಿ ಸವೆದ ಮಂಡಿ, ಸಂಧಿವಾತ. ಎಡಗಡೆಯ 6, 7, 8ನೇ ಪಕ್ಕೆಲುಬುಗಳಲ್ಲಿ ಒಂದರ ಕೆಳಗೊಂದು, ದಾರ ಎಳೆದಂತೆ ಮೂರು ಸಣ್ಣ ಚುಕ್ಕೆ. "ಬದುವಿನ ಮೇಲೆ ಜಾರಿ ಬಿದ್ದಿದ್ದೆ, ಎರಡು ತಿಂಗಳಾಯ್ತು" ಎನ್ನುತ್ತಾರೆ ಅವರು. ಬಿದ್ದ ಪೆಟ್ಟು ಅಕ್ಕಪಕ್ಕದ ಎಲುಬುಗಳನ್ನು ಒಂದೇ ಸಾಲಿನಲ್ಲಿ ಮುರಿಯುತ್ತದೆ. ಕ್ಯಾನ್ಸರ್ ಅಷ್ಟು ಶಿಸ್ತಿನದಲ್ಲ. ಬಲಗಡೆಯ ಒಂದು ಪಕ್ಕೆಲುಬಿನಲ್ಲಿ ಮಾತ್ರ ಕಪ್ಪು ಗೆರೆ ಉದ್ದುದ್ದಕ್ಕೆ ಹರಿದಿದೆ, ಕ್ಯಾನ್ಸರ್ ಹಬ್ಬುವ ರೀತಿಯಲ್ಲಿ. ನನಗೆ ಈ ಗೆರೆಯೇ ಇಡೀ ಚಿತ್ರದ ಮುಖ್ಯ ಮಾತು.

ಸೊಂಟದ ಎರಡನೇ ಕಶೇರುವಿನ ಚುಕ್ಕೆ ಪಕ್ಕದ ಕೀಲಿನದೋ ಮೂಳೆಯ ಒಳಗಿನದೋ ಎಂದು ಚಪ್ಪಟೆ ಚಿತ್ರದಲ್ಲಿ ತಿಳಿಯದು. ಸ್ಪೆಕ್ಟ್-ಸಿಟಿ ತೆಗೆದರೆ ಅದು ಮೂಳೆಯ ಮುಂಭಾಗದಿಂದ ಹಿಂದಿನ ಕಮಾನಿನ ಬುಡಕ್ಕೆ ಹಬ್ಬಿದೆ, ಕೀಲು ಸ್ವಚ್ಛವಾಗಿದೆ. ಇದು ಹರಡಿದ ಕ್ಯಾನ್ಸರ್ ಎನ್ನಲು ಆಗ ಧೈರ್ಯ ಬರುತ್ತದೆ.

ಅತಿ ಮೋಸದ ಚಿತ್ರವೆಂದರೆ ಚುಕ್ಕೆಯೇ ಇಲ್ಲದೆ ಸೊಗಸಾಗಿ ಕಾಣುವುದು. ಕ್ಯಾನ್ಸರ್ ಎಲ್ಲೆಡೆ ಹರಡಿ ಇಡೀ ಎಲುಬುಗೂಡೇ ಎಂಡಿಪಿಯನ್ನು ಹೀರಿಕೊಂಡಿರುತ್ತದೆ, ಮೂತ್ರಪಿಂಡಗಳಿಗೆ ಹೆಚ್ಚೇನೂ ಉಳಿದಿರುವುದಿಲ್ಲ. ಆಗ ಮೂತ್ರಪಿಂಡಗಳು ಎಲ್ಲಿ ಹೋದವು ಎಂದು ಹುಡುಕಬೇಕು.