ಸೋಗೆಯ ಸಂದಿನ ಆಕಾಶ

ಸಾಗರದ ಕಡೆಯ ಓದುಗರೊಬ್ಬರು ಫೋಟೊ ಕಳಿಸಿ ಜೊತೆಗೊಂದು ಪ್ರಶ್ನೆ ಕೇಳಿದ್ದಾರೆ. ಅಡಿಕೆ ಮರದ ತುದಿಯಲ್ಲಿ ಕೊನೆಗಾರ. ಕಾಲಿಗೆ ತಳೆ, ಮೈಮೇಲೆ ಬಿಳಿ ಬನಿಯನ್ನು, ಕೈಯಲ್ಲಿ ಕತ್ತಿ. ಕೊನೆ ಇಳಿಸುವ ಹಗ್ಗ ಓರೆಯಾಗಿ ಕೆಳಕ್ಕೆ ಬಂದಿದೆ. ಬುಡದಲ್ಲಿ ನಿಂತು ಮೇಲ್ಮುಖವಾಗಿ ತೆಗೆದ ಚಿತ್ರ. ಪುಸ್ತಿಕೆಯೊಂದರ ಮುಖಪುಟಕ್ಕೆ ಆ ಮರ ಮತ್ತು ಆ ಮನುಷ್ಯ ಮಾತ್ರ ಬೇಕಂತೆ, ಉಳಿದದ್ದೆಲ್ಲ ಅಳಿಸಿ ಹೋಗಬೇಕಂತೆ. ‘ಫೋಟೋಶಾಪಿನಲ್ಲಿ ಲಾಸೊ ಬಳಸಲೋ, ಕ್ವಿಕ್ ಸೆಲೆಕ್ಷನ್ನೋ, ಕಲರ್ ರೇಂಜೋ? ಯಾವುದು ಒಳ್ಳೆಯದು?’ ಎಂಬುದು ಪ್ರಶ್ನೆ.

ಈ ಚಿತ್ರಕ್ಕೆ ಮೂರೂ ಬೇಕು. ಚಿತ್ರದ ಅಂಚನ್ನು ಒಂದು ಸುತ್ತು ಕಣ್ಣಲ್ಲೇ ಹಿಂಬಾಲಿಸಿದರೆ ಕಾರಣ ಗೊತ್ತಾಗುತ್ತದೆ. ಮೇಲ್ಗಡೆ ಸೋಗೆಗಳ ಹಿಂದೆ ತಿಳಿ ಆಕಾಶವಿದೆ. ಸೋಗೆಯ ಒಂದೊಂದು ಗರಿಯ ನಡುವೆಯೂ ಬೆಳಕಿನ ಸೀಳು. ಅದನ್ನು ಕೈಯಲ್ಲಿ ಸುತ್ತಲು ಹೊರಟವರು ಸಂಜೆಯಾದರೂ ಎದ್ದಾರು ಎಂಬ ಭರವಸೆಯಿಲ್ಲ. ನಡುವೆ ಮನುಷ್ಯ ಮತ್ತು ಕಾಂಡ. ಅಂಚು ಸ್ಪಷ್ಟ, ಉದ್ದ, ಹಿಂದಿನ ಹಸಿರು ಮಬ್ಬು. ಎಡಗಡೆ ಪಕ್ಕದ ಮರದ ಸೋಗೆ ನಮ್ಮ ಮರದ ಸೋಗೆಯ ಮೇಲೇ ಬಂದು ಬಿದ್ದಿದೆ. ಹಸಿರಿನ ಮೇಲೆ ಅದೇ ಹಸಿರು. ಒಂದೇ ವಸ್ತು, ಮೂರು ಜಾತಿಯ ಅಂಚು. ‘ಮನುಷ್ಯನಾದರೆ ಕ್ವಿಕ್ ಸೆಲೆಕ್ಷನ್, ಮರವಾದರೆ ಕಲರ್ ರೇಂಜ್’ ಎಂದು ಬಾಯಿಪಾಠ ಮಾಡಿದವರು ಸೋಲುವುದು ಇಲ್ಲೇ.

ಆಕಾಶದಿಂದ ಶುರು ಮಾಡೋಣ. ಕಲರ್ ರೇಂಜ್ ಟೂಲ್ ಪಟ್ಟಿಯಲ್ಲಿಲ್ಲ, ಸೆಲೆಕ್ಟ್ ಮೆನುವಿನಲ್ಲಿದೆ. ಆಕಾಶದ ಮೇಲೆ ಒತ್ತಿದರೆ ಆ ಬಣ್ಣ ಚಿತ್ರದಲ್ಲಿ ಎಲ್ಲೆಲ್ಲಿದೆಯೋ ಅಷ್ಟೂ ಜಾಗವನ್ನು ಅದು ಹಿಡಿಯುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ಗರಿಗಳ ನಡುವಿನ ನೂರಾರು ಸೀಳುಗಳನ್ನು ಒಂದೇ ಏಟಿಗೆ ಹಿಡಿಯುವ ಅದು ಕೊನೆಗಾರನ ಬನಿಯನ್ನನ್ನೂ, ಕಾಂಡದ ಮೇಲಿನ ಕಲ್ಲುಹೂವಿನ ಬಿಳಿ ಮಚ್ಚೆಗಳನ್ನೂ ಬಿಡುವುದಿಲ್ಲ. ಬಿಳಿ ಎಂದರೆ ಅದಕ್ಕೆ ಬಿಳಿಯೇ.

ಅದಕ್ಕಾಗಿ ಮೊದಲು ಲಾಸೊ ತೆಗೆದುಕೊಂಡು ಮರದ ತಲೆಯ ಸುತ್ತ ಒಂದು ಸಡಿಲ ಬೇಲಿ ಹಾಕಿಕೊಳ್ಳಬೇಕು. ಅಂಚಿಗೆ ಅಂಟಿಕೊಂಡು ಹೋಗಬೇಕಾಗಿಲ್ಲ. ಸೋಗೆಗಳೂ ಅವುಗಳ ಹಿಂದಿನ ಆಕಾಶವೂ ಒಳಗಿರಲಿ, ಬನಿಯನ್ನು ಹೊರಗಿರಲಿ, ಅಷ್ಟು ಸಾಕು. ಈಗಾಗಲೇ ಒಂದು ಸೆಲೆಕ್ಷನ್ ಇದ್ದಾಗ ಕಲರ್ ರೇಂಜ್ ತೆರೆದರೆ ಅದು ಆ ಬೇಲಿಯೊಳಗೆ ಮಾತ್ರ ಹುಡುಕುತ್ತದೆ. ಲಾಸೊವನ್ನು ಅಂಚು ಕೊರೆಯುವ ಕತ್ತಿ ಎಂದುಕೊಂಡವರು ಕೈ ನಡುಗುತ್ತದೆ ಎಂದು ಅದನ್ನು ಬಯ್ಯುತ್ತಾರೆ. ನನ್ನ ಕೆಲಸದಲ್ಲಿ ಅದು ಅಂಚು ಕೊರೆದದ್ದು ಕಡಿಮೆ, ಬೇರೆ ಟೂಲುಗಳಿಗೆ ಗಡಿ ಹಾಕಿಕೊಟ್ಟದ್ದೇ ಹೆಚ್ಚು. ಒಂದೇ ಎಚ್ಚರಿಕೆ: ಮೇಲಿನ ಪಟ್ಟಿಯಲ್ಲಿ ಫೆದರ್ ಸೊನ್ನೆಯಿದೆಯೇ ನೋಡಿಕೊಳ್ಳಿ. ಹಿಂದೆಂದೋ ಇಟ್ಟ 20 ಪಿಕ್ಸೆಲ್ ಅಲ್ಲಿ ಹಾಗೇ ಕೂತಿರುತ್ತದೆ, ಬೇಲಿಯ ಗೆರೆ ಮಂಜಾಗಿಬಿಡುತ್ತದೆ. ಬೇಲಿ ಸರಿಯಾದ ಮೇಲೆ ಸೆಲೆಕ್ಟ್ ಮೆನುವಿನ ಸೇವ್ ಸೆಲೆಕ್ಷನ್‌ನಲ್ಲಿ ಅದನ್ನು ‘ಬೇಲಿ’ ಎಂದೇ ಉಳಿಸಿಡಿ. ಮುಂದೆ ಬೇಕಾಗುತ್ತದೆ.

ಕಲರ್ ರೇಂಜ್ ತೆರೆದಾಗ ಫಜಿನೆಸ್ ಎಂಬ ಸ್ಲೈಡರ್ ಸಾಮಾನ್ಯವಾಗಿ 40ರಲ್ಲಿ ನಿಂತಿರುತ್ತದೆ, 200ರವರೆಗೂ ಹೋಗುತ್ತದೆ. ಆರಿಸಿದ ಬಣ್ಣಕ್ಕೆ ಎಷ್ಟು ದೂರದ ಬಣ್ಣವನ್ನೂ ಅದರ ಬಳಗಕ್ಕೆ ಸೇರಿಸಬಹುದು ಎಂಬುದರ ಅಳತೆ ಅದು. ಪುಟ್ಟ ಕಪ್ಪುಬಿಳುಪು ಪ್ರಿವ್ಯೂನಲ್ಲಿ ಬಿಳಿಯಾಗಿ ಕಂಡದ್ದು ಪೂರ್ತಿ ಆಯ್ಕೆಯಾಗಿದೆ, ಕಪ್ಪು ಆಗಿಲ್ಲ, ಬೂದು ಅರೆಬರೆ ಆಗಿದೆ. ಒಂದು ಸಲ ಒತ್ತಿದಾಗ ಆಕಾಶದ ಒಂದು ಭಾಗ ಮಾತ್ರ ಬಿಳಿಯಾಗುತ್ತದೆ, ಏಕೆಂದರೆ ಆಕಾಶ ಎಲ್ಲೆಡೆ ಒಂದೇ ಬಣ್ಣವಿರುವುದಿಲ್ಲ. ಇಲ್ಲಿ ಬಹಳ ಜನ ಫಜಿನೆಸ್ ಅನ್ನು 120, 150 ಎಂದು ಏರಿಸುತ್ತಾರೆ. ಆಕಾಶವೇನೋ ಪೂರ್ತಿ ಬಿಳಿಯಾಗುತ್ತದೆ. ಆದರೆ ಅಡಿಕೆಯ ಗರಿ ನುಣುಪು, ಅದರ ಬೆನ್ನಿನ ಮೇಲೆ ಆಕಾಶದ ಹೊಳಪು ಬಿದ್ದಿರುತ್ತದೆ. ಆ ಹೊಳಪೂ ಆಯ್ಕೆಗೆ ಸಿಕ್ಕಿ, ಕೊನೆಗೆ ಸೋಗೆ ಹುಳ ತಿಂದಂತೆ ತೂತಾಗಿ ಬರುತ್ತದೆ. ಪ್ರಿವ್ಯೂನಲ್ಲಿ ಕಪ್ಪು ಗರಿಯ ಮೈಯೊಳಗೆ ಬೂದು ಚುಕ್ಕೆ ಕಂಡರೆ ಅಳತೆ ಮೀರಿತು ಎಂದೇ ಅರ್ಥ.

ಸರಿಯಾದ ದಾರಿ ಬೇರೆ. ಫಜಿನೆಸ್ 30-40ರಲ್ಲೇ ಇರಲಿ. ಶಿಫ್ಟ್ ಒತ್ತಿ ಹಿಡಿದು ಆಕಾಶದ ಬೇರೆ ಬೇರೆ ಬಣ್ಣಗಳನ್ನು ಒಂದೊಂದಾಗಿ ಸೇರಿಸಿ: ಮೋಡದ ಬಿಳಿ, ನೆತ್ತಿಯ ಕಡೆಯ ನೀಲಿ, ಕೆಳಗಿನ ಮಾಸಲು. ಮರೆಯದೆ ಗರಿಗಳ ಸಂದಿನಲ್ಲೂ ಒಂದೆರಡು ಕಡೆ ಒತ್ತಿ. ಅಲ್ಲಿ ಆಕಾಶಕ್ಕೆ ಹಸಿರು ಸ್ವಲ್ಪ ಬೆರೆತಿರುತ್ತದೆ. ಫಜಿನೆಸ್ ತಗ್ಗಿಸಿ ಬಣ್ಣಗಳನ್ನು ಹೆಚ್ಚು ಕಡೆಯಿಂದ ಆರಿಸುವುದು ಒಂದೇ ಬಣ್ಣವನ್ನು ಎಳೆದು ಹಿಗ್ಗಿಸುವುದಕ್ಕಿಂತ ಯಾವಾಗಲೂ ಮೇಲು. ಗರಿಯ ಮೈ ಅಚ್ಚ ಕಪ್ಪು, ತುದಿ ಮಾತ್ರ ಬೂದು ಎಂಬ ಹಂತಕ್ಕೆ ಬಂದಾಗ ಓಕೆ ಒತ್ತಿ, ಇದನ್ನೂ ‘ಆಕಾಶ’ ಎಂದು ಉಳಿಸಿಡಿ.

ಓಕೆ ಒತ್ತಿದೊಡನೆ ಪರದೆಯ ಮೇಲೆ ಓಡುವ ಚುಕ್ಕಿಗೆರೆಯನ್ನು ನಂಬಬೇಡಿ. ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್‌ಗಳನ್ನಷ್ಟೇ ಅದು ಸುತ್ತುತ್ತದೆ. ಕಾಲುಭಾಗ ಆಯ್ಕೆಯಾದ ಗರಿಯ ತುದಿಗಳು ಗೆರೆಯ ಹೊರಗಿದ್ದರೂ ಅಳಿಸುವಾಗ ಅಷ್ಟರಮಟ್ಟಿಗೆ ಅಳಿದೇ ಅಳಿಯುತ್ತವೆ. ಕ್ಯೂ ಕೀ ಒತ್ತಿದರೆ ಕ್ವಿಕ್ ಮಾಸ್ಕಿನ ಕೆಂಪು ಪೊರೆ ಬರುತ್ತದೆ. ನಿಜಸ್ಥಿತಿ ಕಾಣುವುದು ಅದರಲ್ಲಿ.

ಇನ್ನು ಮನುಷ್ಯ ಮತ್ತು ಕಾಂಡ. ಇಲ್ಲಿ ಕ್ವಿಕ್ ಸೆಲೆಕ್ಷನ್ ರಾಜ. 2007ರಲ್ಲಿ ಫೋಟೋಶಾಪ್ ಸಿಎಸ್3 ಜೊತೆ ಬಂದ ಈ ಟೂಲ್ ಕುಂಚದಂತೆ ಎಳೆದುಕೊಂಡು ಹೋದ ಹಾಗೆ ಬಣ್ಣವೂ ಮೈವಳಿಕೆಯೂ ಬದಲಾಗುವ ಕಡೆ ತಾನೇ ನಿಲ್ಲುತ್ತದೆ. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ಎಳೆಯಿರಿ, ಆಮೇಲೆ ಕಾಲು, ಚಡ್ಡಿ, ಬನಿಯನ್ನು, ತಲೆ. ಕುಂಚ ಕಾಂಡದ ಅಗಲಕ್ಕಿಂತ ಚಿಕ್ಕದಿರಲಿ. ದೊಡ್ಡ ಕುಂಚದ ಅಂಚು ಹಿಂದಿನ ಹಸಿರನ್ನು ಸೋಕಿದರೂ ಸಾಕು, ಅದೂ ಬೇಕಾದದ್ದೇ ಇರಬೇಕು ಎಂದುಕೊಂಡು ತೋಟವನ್ನೇ ನುಂಗಿಬಿಡುತ್ತದೆ. ನುಂಗಿದರೆ ಆಲ್ಟ್ ಹಿಡಿದು ಹೊರಗಿನ ಭಾಗದ ಮೇಲೆ ಒಂದೆಳೆ ಎಳೆಯಿರಿ. ಅಲ್ಲಿಂದಾಚೆ ಬೇಡ ಎಂಬುದು ಅದಕ್ಕೆ ತಿಳಿಯುತ್ತದೆ.

ಅದು ಸೋಲುವ ಜಾಗಗಳನ್ನು ಮೊದಲೇ ಊಹಿಸಬಹುದು. ಮೊಣಕಾಲಿನ ಕಪ್ಪು ನೆರಳು ಹಿಂದಿನ ಮರದ ಕಪ್ಪಿನೊಳಗೆ ಕರಗಿದ ಕಡೆ ಅಂಚೇ ಇಲ್ಲ, ಇಲ್ಲದ ಅಂಚನ್ನು ಯಾವ ಟೂಲೂ ಹುಡುಕಲಾರದು. ಕೊನೆ ಇಳಿಸುವ ಹಗ್ಗ ಐದಾರು ಪಿಕ್ಸೆಲ್ ದಪ್ಪ, ಅದನ್ನು ಕ್ವಿಕ್ ಸೆಲೆಕ್ಷನ್ ಒಮ್ಮೆ ಹಿಡಿದು ಒಮ್ಮೆ ಬಿಟ್ಟು ತುಂಡು ತುಂಡು ಮಾಡುತ್ತದೆ. ಇವೆರಡಕ್ಕೂ ಪಾಲಿಗನಲ್ ಲಾಸೊ. ಚಿತ್ರವನ್ನು 200 ಪರ್ಸೆಂಟಿಗೆ ಹಿಗ್ಗಿಸಿ, ಶಿಫ್ಟ್ ಹಿಡಿದು ಶುರು ಮಾಡಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಒತ್ತುತ್ತಾ ಹಗ್ಗದ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬನ್ನಿ. ಮೊಣಕಾಲನ್ನು ಅಂಗರಚನೆ ನೆನೆದುಕೊಂಡು ದುಂಡಗೆ ತಿರುಗಿಸಿ. (ಮ್ಯಾಗ್ನೆಟಿಕ್ ಲಾಸೊವನ್ನೇಕೆ ಹೇಳಲಿಲ್ಲ ಎಂದು ಕೇಳುವವರುಂಟು. ಅದು ಚೆನ್ನಾಗಿ ಕೆಲಸ ಮಾಡುವ ಕಡೆಯಲ್ಲೆಲ್ಲ ಕ್ವಿಕ್ ಸೆಲೆಕ್ಷನ್ ಇನ್ನೂ ಚೆನ್ನಾಗಿ ಮಾಡುತ್ತದೆ. ನಾನು ಮುಟ್ಟುವುದಿಲ್ಲ.)

ಈಗ ಮೂರನ್ನೂ ಕೂಡಿಸಬೇಕು. ಮನುಷ್ಯ, ಕಾಂಡ, ಹಗ್ಗ ಆಯ್ಕೆಯಾಗಿರುವಾಗಲೇ ಲೋಡ್ ಸೆಲೆಕ್ಷನ್‌ಗೆ ಹೋಗಿ ‘ಬೇಲಿ’ಯನ್ನು ಆ್ಯಡ್ ಮಾಡಿ. ಮರದ ತಲೆಯೂ ಅದರ ಆಕಾಶವೂ ಒಳಗೆ ಬಂದವು. ಮತ್ತೆ ಅಲ್ಲಿಗೇ ಹೋಗಿ ‘ಆಕಾಶ’ವನ್ನು ಸಬ್‌ಟ್ರ್ಯಾಕ್ಟ್ ಮಾಡಿ. ಆಕಾಶ ಹೋಯಿತು, ಸೋಗೆ ಉಳಿಯಿತು, ಗರಿಯ ತುದಿಯ ಬೂದೂ ಹಾಗೇ ಉಳಿಯಿತು. ಬೇಲಿಯೊಳಗೆ ಬಂದು ಸೇರಿದ ಪಕ್ಕದ ಮರದ ಸೋಗೆ ಮಾತ್ರ ಇನ್ನೂ ಅಲ್ಲೇ ಇದೆ. ಯಾವ ಗರಿ ಯಾವ ಮರದ್ದು ಎಂಬುದು ಬಣ್ಣ ನೋಡುವ ಟೂಲಿಗೆ ತಿಳಿಯುವಂಥದ್ದಲ್ಲ, ತೋಟ ಕಂಡವರಿಗೆ ತಿಳಿಯುವಂಥದ್ದು. ಆಲ್ಟ್ ಹಿಡಿದು, ಲಾಸೊದಲ್ಲಿ ಅದನ್ನು ಕೈಯಾರೆ ಕಳೆಯಬೇಕು. ಲಾಸೊ ನಿಜವಾಗಿ ಅಂಚು ಕೊರೆಯುವುದು ಈ ಒಂದಿಷ್ಟು ಜಾಗದಲ್ಲಿ.

ಡಿಲೀಟ್ ಕೀಗೆ ಕೈ ಹೋಗುತ್ತದೆ, ತಡೆಯಿರಿ. ಈಗ ಡಿಲೀಟ್ ಒತ್ತಿದರೆ ಹೋಗುವುದು ಮರವೇ. ಉಳಿದದ್ದು ಹೋಗಬೇಕಾದರೆ Ctrl+Shift+I ಒತ್ತಿ ಆಯ್ಕೆಯನ್ನು ತಿರುಗಿಸಿರಬೇಕು. ಬೀಗ ಹಾಕಿದ ಬ್ಯಾಕ್‌ಗ್ರೌಂಡ್ ಲೇಯರ್ ಆಗಿದ್ದರಂತೂ ಅಳಿಸುವ ಬದಲು ಯಾವ ಬಣ್ಣ ತುಂಬಲಿ ಎಂದು ಅದು ಕೇಳುತ್ತದೆ. ತಿರುಗಿಸದೆ, ಬೀಗ ತೆಗೆದು, ಕೆಳಗಿನ ಲೇಯರ್ ಮಾಸ್ಕ್ ಗುಂಡಿ ಒತ್ತಿದರೆ ಉಳಿದದ್ದೆಲ್ಲ ಮರೆಯಾಗುತ್ತದೆ, ಬೇಕೆಂದಾಗ ಮರಳಿ ಸಿಗುತ್ತದೆ. ಪೂರ್ತಿ ಅಳಿಸುವುದು ಮುಖಪುಟ ಒಪ್ಪಿಗೆಯಾದ ಮೇಲೆ.

ಒಪ್ಪಿಗೆಗೆ ಮೊದಲು ಒಂದು ಪರೀಕ್ಷೆ. ಕೆಳಗೆ ಕಡುಬಣ್ಣದ ಒಂದು ಲೇಯರ್ ಹಾಕಿ, ಗಾಢ ಹಸಿರೋ ಕಡುಗೆಂಪೋ. ಗರಿಗಳ ತುದಿಯಲ್ಲಿ ಬಿಳಿ ಅಂಚು ಮಿಣುಗುವುದು ಆಗ ಕಾಣುತ್ತದೆ. ಆ ಪಿಕ್ಸೆಲ್‌ಗಳು ಹುಟ್ಟಿನಿಂದಲೇ ಅರ್ಧ ಗರಿ, ಅರ್ಧ ಆಕಾಶ. ನಾವು ಅವನ್ನು ಅರ್ಧ ಪಾರದರ್ಶಕ ಮಾಡಿದೆವೇ ಹೊರತು ಅವುಗಳೊಳಗಿನ ಆಕಾಶದ ಬಣ್ಣವನ್ನು ತೆಗೆಯಲಿಲ್ಲ. ಸೆಲೆಕ್ಟ್ ಆ್ಯಂಡ್ ಮಾಸ್ಕ್ ಕಿಟಕಿಯಲ್ಲಿ ಡಿಕಂಟಾಮಿನೇಟ್ ಕಲರ್ಸ್ ಎಂಬ ಆಯ್ಕೆಯಿದೆ. ಅದು ತುದಿಯ ಪಿಕ್ಸೆಲ್‌ಗಳಿಗೆ ಪಕ್ಕದ ಗರಿಯ ಹಸಿರನ್ನೇ ಬಳಿದು, ಫಲಿತಾಂಶವನ್ನು ಹೊಸ ಲೇಯರಿನಲ್ಲಿ ಕೊಡುತ್ತದೆ. ಮುಖಪುಟದ ಹಿನ್ನೆಲೆ ತಿಳಿಬಣ್ಣದ್ದೇ ಆಗಿದ್ದರೆ ಈ ಗೋಜೇ ಬೇಡ, ಬಿಳಿ ಅಂಚು ಅದರಲ್ಲಿ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಸೋಗೆಯಂಥ ಚಿತ್ರಕ್ಕೆ ತಿಳಿ ಹಿನ್ನೆಲೆಯೇ ಸರಿ. ಕೆಲಸ ಅರ್ಧ ಕಡಿಮೆಯಾಗುತ್ತದೆ, ನೋಡಲೂ ಸಹಜ. ಕೊನೆಗೆ ಉಳಿಸುವಾಗ ಪಿಎನ್‌ಜಿ ಆಗಿ ಉಳಿಸಿ. ಜೆಪೆಗ್ ಪಾರದರ್ಶಕತೆಯನ್ನು ಇಟ್ಟುಕೊಳ್ಳುವುದಿಲ್ಲ, ಅಷ್ಟು ಕಷ್ಟಪಟ್ಟು ತೆಗೆದ ಜಾಗವೆಲ್ಲ ಬಿಳಿಯಾಗಿ ತುಂಬಿಕೊಳ್ಳುತ್ತದೆ.

ಸಾಗರದವರಿಗೆ ಇನ್ನೊಂದು ಮಾತು. ನೀವು ಕಳಿಸಿದ ಫೈಲನ್ನು ಹಿಗ್ಗಿಸಿ ನೋಡಿದೆ. ಗರಿಗಳ ಸುತ್ತ ಕೊಳಕು ಚೌಕಗಳಿವೆ. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕವಾಗಿ ಒಡೆದು ಕುಗ್ಗಿಸುತ್ತದೆ, ಬಣ್ಣದ ವಿವರವನ್ನಂತೂ ಸಾಮಾನ್ಯವಾಗಿ ಬೆಳಕಿನ ವಿವರದ ಕಾಲುಭಾಗಕ್ಕೆ ಇಳಿಸುತ್ತದೆ. ಅತಿಯಾಗಿ ಕುಗ್ಗಿದ ಫೈಲಿನಲ್ಲಿ ಗರಿಯ ಹಸಿರು ಆಕಾಶಕ್ಕೂ ಆಕಾಶದ ಬಿಳಿ ಗರಿಗೂ ಹರಡಿರುತ್ತದೆ. ಬಣ್ಣ ನೋಡಿ ಕೆಲಸ ಮಾಡುವ ಕಲರ್ ರೇಂಜ್ ಅಲ್ಲಿ ಎಷ್ಟು ಹೆಣಗಿದರೂ ಅಂಚು ಹಲ್ಲುಹಲ್ಲಾಗಿಯೇ ಬರುವುದು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದ್ದೀರಿ ಅನ್ನಿಸುತ್ತದೆ. ಕ್ಯಾಮೆರಾದಲ್ಲಿರುವ ಮೂಲ ಫೈಲನ್ನು ಡಾಕ್ಯುಮೆಂಟ್ ಎಂದು ಆರಿಸಿ ಮತ್ತೊಮ್ಮೆ ಕಳಿಸಿಕೊಡಿ, ಮೇಲಿನ ಕೆಲಸವನ್ನು ಅದರ ಮೇಲೆ ಮಾಡಿ.