ಅರವತ್ತು ಅನ್ನೋ ಅಂಕಿ ಎಲ್ಲಿಂದ ಬಂತು?

ವಿಲಿಯಂ ಪೌಂಡ್‌ಸ್ಟೋನ್ 2005ರಲ್ಲಿ ಬರೆದ ‘ಫಾರ್ಚೂನ್ಸ್ ಫಾರ್ಮುಲಾ’ ಓದಿ ಮುಗಿಸಿದ ತಿಂಗಳಲ್ಲೇ ನಾನು ನನ್ನ ಹತ್ತು ಲಕ್ಷದಲ್ಲಿ ಎರಡು ಲಕ್ಷ ತೆಗೆದು ಒಂದೇ ಸಣ್ಣ ಕಂಪನಿಯ ಷೇರಿಗೆ ಹಾಕ್ದೆ. ತಪ್ಪು ಪುಸ್ತಕದ್ದಲ್ಲ ಬಿಡಿ. ಆದ್ರೂ ಒಂದು ತಕರಾರಿದೆ.

ಪುಸ್ತಕದ ನಾಯಕ ಒಂದು ಸೂತ್ರ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ್ದು. ಗೆದ್ರೆ ಹಾಕಿದಷ್ಟೇ ಲಾಭ, ಸೋತ್ರೆ ಹಾಕಿದ್ದೆಲ್ಲ ಹೋಯ್ತು ಅನ್ನೋ ಆಟದಲ್ಲಿ ಲೆಕ್ಕ ಸುಲಭ: ಗೆಲ್ಲೋ ಸಾಧ್ಯತೆಯಿಂದ ಸೋಲೋ ಸಾಧ್ಯತೆ ಕಳೀರಿ. 60ರಿಂದ 40 ಕಳೆದ್ರೆ 20. ಪ್ರತಿ ಸಲ ಕೈಯಲ್ಲಿರೋ ದುಡ್ಡಿನ ಶೇಕಡಾ 20 ಹಾಕಿದ್ರೆ, ದೀರ್ಘಕಾಲದಲ್ಲಿ ಅದು ಅತಿ ವೇಗವಾಗಿ ಬೆಳೆಯುತ್ತೆ. ಕ್ಲಾಡ್ ಶ್ಯಾನನ್, ಎಡ್ ಥಾರ್ಪ್, ಕ್ಯಾಸಿನೋ, ವಾಲ್ ಸ್ಟ್ರೀಟ್ ಎಲ್ಲವನ್ನೂ ಪೌಂಡ್‌ಸ್ಟೋನ್ ಈ ಒಂದು ದಾರದಲ್ಲಿ ಪೋಣಿಸಿರೋ ರೀತಿಗೆ ನಿಜಕ್ಕೂ ಸಲಾಂ.

ಆದ್ರೆ ಬ್ಲ್ಯಾಕ್‌ಜ್ಯಾಕ್‌ನಲ್ಲಿ ಥಾರ್ಪ್ ಎಲೆ ಎಣಿಸಿ ಸಾಧ್ಯತೆ ಲೆಕ್ಕ ಹಾಕ್ತಿದ್ರು. ನನ್ನ ಕಂಪನಿ ಗೆಲ್ಲೋ ಸಾಧ್ಯತೆ 60 ಅಂತ ನನಗೆ ಹೇಳಿದ್ದು ಯಾರು? ನನ್ನ ಉತ್ಸಾಹ, ಅಷ್ಟೆ.

ನಿಜವಾದ ಸಾಧ್ಯತೆ 55 ಅಂತಿಟ್ಕೊಳ್ಳಿ. ಈಗ್ಲೂ ಆಟ ನಮ್ಮ ಪರವಾಗೇ ಇದೆ. ಇಪ್ಪತ್ತು ಸಲ ಆಡಿದ್ರೆ ಹನ್ನೊಂದು ಗೆಲುವು, ಒಂಬತ್ತು ಸೋಲು. ನೂರು ರೂಪಾಯಿಯಿಂದ ಶುರುಮಾಡಿ ಪ್ರತಿ ಸಲ ಶೇಕಡಾ 20 ಹಾಕ್ತಾ ಹೋದ್ರೆ ಕೊನೆಗೆ ಉಳಿಯೋದು 99 ರೂಪಾಯಿ ಚಿಲ್ಲರೆ! ಕಾರಣ ಇಷ್ಟೇ: ನೂರರಲ್ಲಿ ಇಪ್ಪತ್ತು ಸೋತ್ರೆ ಎಂಬತ್ತು, ಮುಂದಿನ ಸಲ ಎಂಬತ್ತರ ಶೇಕಡಾ 20 ಗೆದ್ರೂ ತೊಂಬತ್ತಾರೇ. ಒಂದು ಗೆಲುವು, ಒಂದು ಸೋಲು ಸೇರಿದಾಗೆಲ್ಲ ಶೇಕಡಾ 4 ಸೋರಿ ಹೋಗುತ್ತೆ.

ಅದೇ ಶೇಕಡಾ 10 ಹಾಕಿದ್ರೆ? ಸೋರಿಕೆ ಬರೀ ಒಂದು. ಇಪ್ಪತ್ತು ಆಟದ ನಂತರ 110 ರೂಪಾಯಿ. ಒಂದು ವೇಳೆ ನನ್ನ 60 ಸರಿಯೇ ಆಗಿದ್ರೂ, ಹನ್ನೆರಡು ಗೆದ್ದು ಎಂಟು ಸೋತಾಗ, ಶೇಕಡಾ 20ರಿಂದ ಸುಮಾರು 150, ಶೇಕಡಾ 10ರಿಂದ 135. ಅಂದ್ರೆ ಕಡಿಮೆ ಹಾಕಿ ಕಳ್ಕೊಳ್ಳೋದು ಸ್ವಲ್ಪ, ಹೆಚ್ಚು ಹಾಕಿ ಕಳ್ಕೊಳ್ಳೋದು ಇಡೀ ಬೆಳವಣಿಗೆ. ಕೆಲ್ಲಿ ಸೂತ್ರ ಹೇಳಿದ್ದರಲ್ಲಿ ಅರ್ಧ ಮಾತ್ರ ಹಾಕೋರು ಇರೋದು ಇದಕ್ಕೇ. ಷೇರಿನಲ್ಲಂತೂ ಗೆದ್ರೆ ಎಷ್ಟು, ಸೋತ್ರೆ ಎಷ್ಟು ಅನ್ನೋದೂ ನಮ್ಮ ಊಹೆಯೇ.

ಅತಿಯಾಗಿ ಹಾಕಿದ್ರೆ ಮುಳುಗ್ತೀರಿ ಅನ್ನೋ ಎಚ್ಚರಿಕೆ ಪುಸ್ತಕದಲ್ಲಿ ಇಲ್ಲದೇ ಇಲ್ಲ. ಆದ್ರೆ ಕಥೆಗಳ ಹೊಳಪಿನ ಮುಂದೆ ಅದು ಮಂಕು. ‘ನಿನ್ನ ಅಂದಾಜಿನಲ್ಲಿ ಐದು ತಪ್ಪಿದ್ರೆ?’ ಅನ್ನೋ ಪ್ರಶ್ನೆಗೆ ಒಂದು ಇಡೀ ಅಧ್ಯಾಯ ಬೇಕಿತ್ತು.

ನನ್ನ ಎರಡು ಲಕ್ಷ ಈಗ ಒಂದು ಲಕ್ಷದ ಹತ್ತು ಸಾವಿರ.