ಇಪ್ಪತ್ತನಾಲ್ಕು ರೂಪಾಯಿ ಪ್ಯಾಕೆಟ್ಟೂ ಕುಂದಾ ಅಂಗಡಿಯ ಪತ್ರವೂ

2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಆದರೆ ಅರ್ಧ ಲೀಟರಿನ ನೀಲಿ ಪ್ಯಾಕೆಟ್ ಕೊಳ್ಳುವವರು ಆ ದಿನವೂ ಕೊಟ್ಟದ್ದು 24 ರೂಪಾಯಿ, ಹಿಂದಿನ ದಿನವೂ ಕೊಟ್ಟದ್ದು 24. ಕಡಿಮೆಯಾದದ್ದು ಒಳಗಿನ ಹಾಲು: 550 ಮಿಲಿ ಇದ್ದದ್ದು 500 ಆಯಿತು. ಬೆಲೆ ಏರಿಸುವವರು ಗಿರಾಕಿಗೆ ಕಾರಣ ಹೇಳುವ ರೀತಿಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಸಿಗುವುದು ಕಷ್ಟ. ಬೆಳಗಾವಿಯಂಥ ಊರಿಗಂತೂ ಹಾಲಿನ ದರ ಚಹಾದಿಂದ ಕುಂದಾದವರೆಗೆ ಎಲ್ಲವನ್ನೂ ಮುಟ್ಟುತ್ತದೆ.

ಕಥೆ ಶುರುವಾಗುವುದು ಅದರ ಹಿಂದಿನ ವರ್ಷ. 2024ರ ಜೂನ್ 26ರಿಂದ ಪ್ರತಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಸೇರಿಸಿ 2 ರೂಪಾಯಿ ಹೆಚ್ಚಿಸಿದರು. 22ರ ಪ್ಯಾಕೆಟ್ 24 ಆಯಿತು, 42ರದ್ದು 44. ನಂದಿನಿಯ ಒಡೆತನದ ಹಾಲು ಮಹಾಮಂಡಳ ಕೊಟ್ಟ ಕಾರಣ ಸರಳವಾಗಿತ್ತು: ರಾಜ್ಯದಲ್ಲಿ ದಿನಕ್ಕೆ ಸಂಗ್ರಹವಾಗುವ ಹಾಲು ಕೋಟಿ ಲೀಟರಿನ ಹತ್ತಿರ ಬಂದಿದೆ, ಅದನ್ನು ಮಾರಬೇಕು. ಇದು ದರ ಏರಿಕೆಯೇ ಅಲ್ಲ, ಹೆಚ್ಚುವರಿ ಹಾಲಿಗೆ ಹೆಚ್ಚುವರಿ ಹಣ ಎಂದು ಸರ್ಕಾರವೂ ಹೇಳಿತು. ಲೆಕ್ಕ ಹಾಕಿದರೆ ಆ ಮಾತು ಸುಳ್ಳಲ್ಲ. ಅರ್ಧ ಲೀಟರಿಗೆ 22 ಎಂದರೆ ನೂರು ಮಿಲಿಗೆ 4 ರೂಪಾಯಿ 40 ಪೈಸೆ, 550 ಮಿಲಿಗೆ 24 ಎಂದರೆ 4 ರೂಪಾಯಿ 36 ಪೈಸೆ. ನಾಲ್ಕು ಪೈಸೆ ಅಗ್ಗವೇ ಆಯಿತು.

ಆದರೂ ಜನ ಅದನ್ನು ಏರಿಕೆ ಎಂದೇ ಕರೆದರು, ಮತ್ತು ಅವರ ಮಾತಿನಲ್ಲೂ ಹುರುಳಿತ್ತು. ಅರ್ಧ ಲೀಟರು ಸಾಕಾಗುವ ಮನೆಗೆ ಅರ್ಧ ಲೀಟರು ಕೊಳ್ಳುವ ದಾರಿಯೇ ಇಲ್ಲವಾಯಿತು. ತಿಂಗಳಿಗೆ 60 ರೂಪಾಯಿ ಹೆಚ್ಚು ಹೋಗತೊಡಗಿತು. ದರ ನ್ಯಾಯವೇ ಎಂದು ಯಾರೂ ಕೇಳಿರಲಿಲ್ಲ. ನನಗೆ ಬೇಡದ ಐವತ್ತು ಮಿಲಿಗೆ ನಾನೇಕೆ ದುಡ್ಡು ಕೊಡಬೇಕು ಎಂಬುದು ಪ್ರಶ್ನೆ. ಹಾಲು ಹೆಚ್ಚು ಬರುತ್ತಿದೆ ಎಂಬುದು ಮಾರುವವರ ಕಷ್ಟ, ಕೊಳ್ಳುವವರ ಅಗತ್ಯವಲ್ಲ. ಪ್ರಕಟಣೆ ಕೇಳದ ಪ್ರಶ್ನೆಗೆ ಸರಿಯುತ್ತರ ಕೊಟ್ಟು, ಕೇಳಿದ ಪ್ರಶ್ನೆಯನ್ನು ಹಾಗೇ ಬಿಟ್ಟಿತು.

2025ರಲ್ಲಿ ಮಾತಿನ ಧಾಟಿ ಬದಲಾಯಿತು. ಏರಿಸಿದ 4 ರೂಪಾಯಿ ಹಾಲು ಉತ್ಪಾದಕರಿಗೇ ಹೋಗುತ್ತದೆ ಎಂದರು. ಇದು ಒಳ್ಳೆಯ ಕಾರಣ, ಏಕೆಂದರೆ ಹಣ ಎಲ್ಲಿಗೆ ಹೋಗುತ್ತದೆಂದು ಹೇಳುತ್ತದೆ. ಖಾನಾಪುರ ತಾಲೂಕಿನ ಹಳ್ಳಿಯಲ್ಲಿ ಅಣ್ಣ ಡೇರಿಗೆ ಹಾಲು ಹಾಕುತ್ತಾನೆ, ತಮ್ಮ ಬೆಳಗಾವಿಯಲ್ಲಿ ಪ್ಯಾಕೆಟ್ ಒಡೆಯುತ್ತಾನೆ. ಇಂಥ ಮನೆತನಗಳಿಗೆ ಬೇರೆ ವಿವರಣೆ ಬೇಕಿಲ್ಲ. ಕೆಟ್ಟದ್ದು ಕಾರಣವಲ್ಲ, ಅಂಕಿ. ಬಾಯಲ್ಲಿ 4 ರೂಪಾಯಿ, ಲೀಟರಿನ ಪ್ಯಾಕೆಟ್ ಮೇಲೆ 44 ಹೋಗಿ 46, ಅರ್ಧ ಲೀಟರಿನ ಮೇಲೆ ಏನೂ ಬದಲಾಗಿಲ್ಲ. ಹಳೆಯ 50 ಮಿಲಿಯನ್ನೂ ಅದರ 2 ರೂಪಾಯಿಯನ್ನೂ ಹಿಂತೆಗೆದು ಹೊಸ ದರ ಸೇರಿಸಿದರೆ ಲೆಕ್ಕ ಕೂಡುತ್ತದೆ. ಆದರೆ ಅದನ್ನು ಕೂಡಿಸುವ ಕೆಲಸ ಗಿರಾಕಿಯ ಮೇಲೆ ಬಿತ್ತು. ಚಹಾಕ್ಕೆ ಹಾಲು ಸಾಲದೆ ಬಂದಾಗ ಬೆಲೆ ಏರಿದ್ದು ಗೊತ್ತಾದರೆ, ಮೊದಲು ಹೇಳಿದ ಒಳ್ಳೆಯ ಕಾರಣಕ್ಕೂ ಕಿಮ್ಮತ್ತು ಉಳಿಯುವುದಿಲ್ಲ.

ಈಗ ಇದೇ ಏರಿಕೆಯನ್ನು ಮುಂದಿನ ಕೈಗೆ ದಾಟಿಸಬೇಕಾದವನನ್ನು ನೋಡೋಣ. ಬೆಳಗಾವಿಯಲ್ಲಿ ಕುಂದಾ ಮಾಡುವವನೊಬ್ಬ ಖಾನಾಪುರದ ಅಂಗಡಿಗೆ ಸಗಟಾಗಿ ಮಾಲು ಕಳಿಸುತ್ತಾನೆ ಎಂದಿಟ್ಟುಕೊಳ್ಳಿ. ದರಗಳೂ ನನ್ನ ಊಹೆಯವೇ. ಇಂಥವರು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಕಚ್ಚಾ ಮಾಲಿನ ದರ ವಿಪರೀತ ಏರಿದ್ದರಿಂದ ಅನಿವಾರ್ಯವಾಗಿ ದರ ಪರಿಷ್ಕರಿಸಲಾಗಿದೆ, ಸಹಕರಿಸಬೇಕು.’ ಯಾವ ಮಾಲು, ಎಷ್ಟು ಏರಿತು, ಯಾವತ್ತಿನಿಂದ ಎಂಬ ಮೂರೂ ಇದರಲ್ಲಿಲ್ಲ. ಪತ್ರ ತಲುಪಿದ ಸಂಜೆಯೇ ‘ಎಷ್ಟಾತ್ರೀ?’ ಎಂದು ಫೋನು ಬಂದರೆ ಆ ಪತ್ರ ಕೆಲಸ ಮಾಡಲಿಲ್ಲವೆಂದೇ ಅರ್ಥ.

ಅವನು ಹೀಗೆ ಬರೆಯಬಹುದಿತ್ತು:

‘ಸಾವಕಾರ್ರಿಗೆ ನಮಸ್ಕಾರ. ಮೇ 1ರಿಂದ ಕುಂದಾ ಕಿಲೋಕ್ಕೆ 400 ಇದ್ದದ್ದು 430 ಆಗುತ್ತದೆ. ನಾವು ಎಮ್ಮೆ ಹಾಲನ್ನು ಲೀಟರಿಗೆ 60ರಂತೆ ಕೊಳ್ಳುತ್ತಿದ್ದೆವು, ಈಗ 66 ಕೊಡುತ್ತಿದ್ದೇವೆ. ಒಂದು ಕಿಲೋ ಕುಂದಾಕ್ಕೆ ಮೂರೂವರೆ ಲೀಟರು ಹಾಲು ಹಿಡಿಯುತ್ತದೆ, ಅದಕ್ಕೇ 21 ರೂಪಾಯಿ ಆಯಿತು. ಉಳಿದ 9 ರೂಪಾಯಿ ಗ್ಯಾಸು ಮತ್ತು ಆಳಿನ ಪಗಾರದ್ದು. ಹಾಲೂ ಅಷ್ಟೇ, ತೂಕವೂ ಅಷ್ಟೇ. ಬಾಕ್ಸಿನ ತೂಕ ಹಿಡಿಯುವುದಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಮುಂಗಡ ಕೊಟ್ಟ ಮದುವೆ ಆರ್ಡರುಗಳಿಗೆ ಹಳೆಯ ದರವೇ.’

ಈ ಪತ್ರದ ಬಲ ಅದರ ವಿನಯದಲ್ಲಿಲ್ಲ, ಇಪ್ಪತ್ತೊಂದರಲ್ಲಿದೆ. ಎಮ್ಮೆ ಹಾಲನ್ನು ಬತ್ತಿಸಿದರೆ ಲೀಟರಿಗೆ ಸುಮಾರು ಇನ್ನೂರು ಗ್ರಾಂ ಖವಾ ಬರುತ್ತದೆ. ಏಳುನೂರು ಗ್ರಾಂ ಖವಾದ ಅಂಶ, ಮೇಲೆ ಸಕ್ಕರೆ ಎಂದು ಹಿಡಿದರೆ ಮೂರೂವರೆ ಲೀಟರು ಸರಿಹೊಂದುತ್ತದೆ. ಮಿಠಾಯಿ ಮಾರುವವರಿಗೆ ಇದು ಗೊತ್ತಿರುವ ಲೆಕ್ಕ. ಕಾರಣ ಹೇಳುವವರು ಸಾಮಾನ್ಯವಾಗಿ ಜಾರುವುದೂ ಇಲ್ಲಿಯೇ: ಹಾಲಿನ ಹೆಸರು ಹೇಳಿ, ಹಾಲು ಹೊರಲಾರದಷ್ಟು ಏರಿಸುತ್ತಾರೆ. ನಂದಿನಿ 4 ರೂಪಾಯಿ ಏರಿಸಿತು ಎಂದು ಬರೆದು ಕಿಲೋಕ್ಕೆ 40 ಹೆಚ್ಚಿಸಿದರೆ, ಖಾನಾಪುರದ ಅಂಗಡಿಕಾರ ಮೂರೂವರೆಯನ್ನು ನಾಲ್ಕರಿಂದ ಗುಣಿಸಿ 14 ಎಂದು ಗಲ್ಲಾದಲ್ಲಿ ಕೂತೇ ಹೇಳುತ್ತಾನೆ. ಇನ್ನು 26 ಎಲ್ಲಿಯದು? ಅದಲ್ಲದೆ ಕುಂದಾ ಮಾಡುವವನು ಕೊಳ್ಳುವುದು ಗೌಳಿಗಳ ಎಮ್ಮೆ ಹಾಲಾದರೆ ಪ್ಯಾಕೆಟ್ಟಿನ ದರ ಅವನ ಕಾರಣವೇ ಅಲ್ಲ. ಪೇಪರಿನ ಸುದ್ದಿಯನ್ನು ಮುಂದೆ ಮಾಡುವುದು ಸುಲಭ; ತಾನು ನಿಜಕ್ಕೂ ಕೊಡುತ್ತಿರುವ ದರ ಬಿಚ್ಚಿ ಹೇಳುವುದಕ್ಕೆ ಎದೆ ಬೇಕು.

ಬಾಕ್ಸಿನ ಮಾತೂ ಅಲಂಕಾರಕ್ಕೆ ಬಂದದ್ದಲ್ಲ. ರಟ್ಟಿನ ಡಬ್ಬಿಯನ್ನು ಮಿಠಾಯಿಯ ಜೊತೆ ತೂಗುವುದು ಹಳೆಯ ತಕರಾರು. ಬೆಲೆ ಏರಿದಾಗ ತೂಕದಲ್ಲೂ ಕೈಯಾಡಿಸಿದ್ದಾರೆಯೇ ಎಂಬ ಗುಮಾನಿ ಏಳುವುದು ಸಹಜ. ಕೇಳುವ ಮೊದಲೇ ಅದಕ್ಕೆ ಉತ್ತರವಿದೆ. ಮದುವೆ ಆರ್ಡರಿನ ಸಾಲಂತೂ ಅಂಗಡಿಕಾರನ ಮರ್ಯಾದೆ ಉಳಿಸುತ್ತದೆ. ಅವನು ಮಾತು ಕೊಟ್ಟ ದರ ಅವನ ಬಾಯಿಗೇ ಮುಳ್ಳಾಗುವುದಿಲ್ಲ.

ಆದರೂ ಈ ಪತ್ರದಲ್ಲಿ ಒಂದು ಕೊರತೆ ಇದೆ, ಮತ್ತು ಅದು ಹುಟ್ಟುವುದು ಪತ್ರದ ಪ್ರಾಮಾಣಿಕತೆಯಿಂದಲೇ. 66 ಎಂದು ಬರೆದುಕೊಟ್ಟ ಮೇಲೆ ಹಾಲು 62ಕ್ಕೆ ಇಳಿದಾಗ ಏನು? ಬೇಸಿಗೆಯಲ್ಲಿ ಎಮ್ಮೆಗಳ ಹಾಲು ಬತ್ತುತ್ತದೆ, ಮಳೆಗಾಲ ಕಳೆದು ಮೇವು ಬಂದು ಎಮ್ಮೆಗಳು ಈದ ಮೇಲೆ ಹೆಚ್ಚುತ್ತದೆ. ಮೇ ತಿಂಗಳಲ್ಲಿ ಒಪ್ಪಿಕೊಂಡ ಅಂಗಡಿಕಾರ ದೀಪಾವಳಿಗೆ ‘ಹಾಲು ಇಳದೈತಲ್ರೀ’ ಎನ್ನದೆ ಇರುವುದಿಲ್ಲ. ಮಹಾಮಂಡಳಕ್ಕೂ ಇಂಥ ಇಕ್ಕಟ್ಟು ಬಂತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಬಂತು, ನವೆಂಬರಿನಲ್ಲಿ ಮತ್ತೆ 700 ಆಯಿತು. ತೆರಿಗೆ ಇಳಿದದ್ದು ನಿಜ, ಇಳಿಸಿದ್ದೂ ನಿಜ. ಆದರೆ ಎರಡು ತಿಂಗಳು ತುಂಬುವುದರೊಳಗೆ 90 ರೂಪಾಯಿ ಏರಿದಾಗ ಮೊದಲಿನ 40ರ ನೆನಪು ಯಾರಿಗೂ ಉಳಿಯಲಿಲ್ಲ.

ಕುಂದಾದವನು ಇನ್ನೊಂದು ಸಾಲು ಸೇರಿಸಿದ್ದರೆ ಸಾಕಿತ್ತು: ‘ದಸರೆಗೆ ಹಾಲಿನ ದರ ನೋಡಿ, ಲೀಟರಿಗೆ 3 ರೂಪಾಯಿಗಿಂತ ಹೆಚ್ಚು ಇಳಿದಿದ್ದರೆ ಕುಂದಾದ ದರವನ್ನೂ ಇಳಿಸುತ್ತೇವೆ, ಗ್ಯಾಸು, ಪಗಾರದ 9 ರೂಪಾಯಿ ಇಳಿಯುವುದಿಲ್ಲ.’ ಬಹುಪಾಲು ವ್ಯಾಪಾರಿಗಳು ಈ ಸಾಲನ್ನು ಬರೆಯಲು ಒಪ್ಪುವುದಿಲ್ಲ, ಏಕೆಂದರೆ ಖಾನಾಪುರದ ಅಂಗಡಿಕಾರ ಅದನ್ನು ಕತ್ತರಿಸಿ ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಳ್ಳುತ್ತಾನೆ ಎಂಬುದು ಅವರಿಗೆ ಗೊತ್ತು.